ನಿಂಗರಾಜ ಬರೆದ ಪುಟ

“ಆ ನಿಂಗರಾಜನ್ನ ಕರ್ಕೊಂಡು ಬಂದು ಇಲ್ಲಿ ಕೂರಿಸಿ. ಆಮೇಲೆ ಮಾತಾಡೋಣ.”

“ಊರಿಗೆ ಹೋಗ್ಯಾನಂತ ಹೇಳಿದ್ನಲ್ರಿ ಮೇಡಂ.”

“ಹೋದ ವಾರ ಹುಬ್ಬಳ್ಳೀಲಿ ಟ್ರೇನಿಂಗ್ ಅಂದ್ರಿ. ಮೊನ್ನೆ ಅವರ ಮಾವ ತೀರ್ಕೊಂಡ್ರು ಅಂದ್ರಿ. ಇವತ್ತು ಊರು. ಬೆಂಗಳೂರಲ್ಲಿ ಒಂದು ಕಡೆ ಕೂರಲ್ವಾ ನಿಮ್ಮ ನಿಂಗರಾಜ?”

“ಅವಂಗ ಕೆಲಸ ಇರ್ತಾವ್ರಿ. ನಿಮ್ಮಂಗ ಫ್ಯಾನಿನ ಕೆಳಗ ಕುಂತು ಮಂದೀನ ಕಳ್ಳರಂತ ನೋಡೋ ಕೆಲಸ ಅಲ್ರಿ ಅದು.”

“ಕಳ್ಳ ಅಂತ ನಾನೆಲ್ಲಿ ಅಂದೆ?”

“ಅನ್ನಬೇಕಾಗಿಲ್ರಿ. ನಿಮ್ಮ ಮಾರಿ ಮ್ಯಾಲೆ ಬರದೈತಿ.”

“ನನ್ನ ಮುಖ ಹುಟ್ಟಿದಾಗಿಂದ ಹಿಂಗೇ ಇದೆ. ಅವರ ಫೋನಿಗೆ ಮೂರು ಸಲ ಮಾಡಿದೀನಿ ನಾನು. ನಿಂಗರಾಜ ಮಾತಾಡೋದು ಬೆಂಗಳೂರು ಕನ್ನಡ, ಕೆಮ್ಮೋದು ಮಾತ್ರ ನಿಮ್ಮ ಕೆಮ್ಮು.”

ಎದುರಿಗೆ ಕೂತಿದ್ದವನು ಮಾಸ್ಕಿನ ಒಳಗೇ ಬಾಯಿ ಮುಚ್ಚಿಕೊಂಡ. ಪಕ್ಕದ ಮೇಜಿನ ದೀಪಕ್ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿದ. ವಿಜಯಲಕ್ಷ್ಮಿಗೆ ಸಿಟ್ಟು ಬಂದಾಗ ಆ ಆಫೀಸಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ.

ಜೆ.ಪಿ. ನಗರದ ಎರಡನೇ ಹಂತದಲ್ಲಿ, ಒಂದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಆ ಆಫೀಸು. ಚಿಕಿತ್ಸೆಗೆ ಹಣ ಸಾಲದ ಜನರು ಅದರ ವೆಬ್‌ಸೈಟಿನಲ್ಲಿ ಒಂದು ಪುಟ ತೆರೆದು ಊರವರ ಹತ್ತಿರ ಸಹಾಯ ಕೇಳಬಹುದು. ಆದರೆ ಬರೆದ ತಕ್ಷಣ ಪುಟ ಹೊರಗೆ ಹೋಗುವುದಿಲ್ಲ. ಕನ್ನಡದಲ್ಲಿ ಬಂದ ಪುಟಗಳನ್ನೆಲ್ಲ ಮೊದಲು ಓದುವವಳು ವಿಜಯಲಕ್ಷ್ಮಿ. ಕಾಯಿಲೆ ನಿಜವೇ, ಕೇಳಿದ ಮೊತ್ತ ಆಸ್ಪತ್ರೆಯ ಅಂದಾಜಿಗೆ ತಾಳೆಯಾಗುತ್ತದೆಯೇ, ಕೇಳುತ್ತಿರುವವರು ಯಾರು, ರೋಗಿಗೆ ಅವರು ಏನಾಗಬೇಕು, ಹೇಳಿದ್ದರಲ್ಲಿ ಉಪ್ಪು ಖಾರ ಎಷ್ಟು. ಇಷ್ಟನ್ನು ನೋಡಿ ಅವಳು ಒಪ್ಪಿದರೆ ಪುಟ ತೆರೆಯುತ್ತದೆ. ಬಂದ ಹಣ ಕೇಳಿದವರ ಕೈಗೆ ಹೋಗುವುದಿಲ್ಲ, ನೇರ ಆಸ್ಪತ್ರೆಯ ಖಾತೆಗೆ ಹೋಗುತ್ತದೆ.

ಎದುರಿಗಿದ್ದವನ ಹೆಸರು ಸಿದ್ದಾರೂಢ. ಬಾದಾಮಿ ಕಡೆಯವನು, ನಲವತ್ತರ ಹತ್ತಿರ. ಬಿಟಿಎಂ ಬಡಾವಣೆಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಕೋಣೆ, ಟೈಲ್ಸ್ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ. ಒಮ್ಮೆ ವಾಸಿಯಾಗಿದ್ದ ಲಿಂಫೋಮಾ ಮತ್ತೆ ಬಂದಿತ್ತು. ಅದು ದುಗ್ಧಗ್ರಂಥಿಗಳ ಕ್ಯಾನ್ಸರ್. ಎರಡನೇ ಸುತ್ತಿನ ಕೀಮೋಗೆ ಗಡ್ಡೆಗಳು ಕರಗಿದ್ದವು. ಅವು ಮತ್ತೆ ತಲೆ ಎತ್ತುವ ಮೊದಲು, ಅವನದೇ ರಕ್ತದಿಂದ ಸ್ಟೆಮ್ ಸೆಲ್ ತೆಗೆದಿಟ್ಟು, ದೊಡ್ಡ ಪ್ರಮಾಣದ ಕೀಮೋ ಕೊಟ್ಟು, ಆ ಕೋಶಗಳನ್ನು ಮತ್ತೆ ಮೈಗೆ ಸೇರಿಸಬೇಕು. ತಡವಾದರೆ ಆ ದಾರಿಯೂ ಮುಚ್ಚಿಹೋಗಬಹುದು ಎಂದು ವೈದ್ಯರು ಬರೆದಿದ್ದರು.

ಕಾಗದಪತ್ರಗಳಲ್ಲಿ ಒಂದು ಚುಕ್ಕೆಯೂ ತಪ್ಪಿರಲಿಲ್ಲ. ಬಯಾಪ್ಸಿ, ಸ್ಕ್ಯಾನ್ ವರದಿ, ಮೊಹರಿನ ಸಮೇತ ಅಂದಾಜು ಪಟ್ಟಿ. ಅಂಗಡಿಯವರ ವಿಮೆ ಮೊದಲ ಕೀಮೋಗಳಿಗೇ ಮುಗಿದಿದೆ ಎಂಬುದನ್ನೂ ಮುಚ್ಚಿಟ್ಟಿರಲಿಲ್ಲ. ವಿಜಯಲಕ್ಷ್ಮಿ ಎಂದಿನಂತೆ ಕಾಗದದಲ್ಲಿದ್ದ ನಂಬರನ್ನು ನಂಬದೆ, ಆಸ್ಪತ್ರೆಯ ನಂಬರನ್ನು ತಾನೇ ಹುಡುಕಿ ಫೋನ್ ಮಾಡಿದ್ದಳು. ರೋಗಿ ನಿಜ, ವೈದ್ಯರು ನಿಜ, ಮೊತ್ತ ನಿಜ. ಇನ್ನೊಬ್ಬರಾಗಿದ್ದರೆ ಅಷ್ಟಕ್ಕೇ ಪುಟ ತೆರೆದುಬಿಡುತ್ತಿದ್ದರು. ದೀಪಕ್ ಅಂತೂ ಓದಿದ ದಿನವೇ ಹೇಳಿದ್ದ, “ಮೇಡಂ, ಸಖತ್ ಪೇಜ್ ಇದು. ಒಂದು ದಿನಕ್ಕೆ ಓಡುತ್ತೆ ನೋಡಿ.”

ಪುಟವನ್ನು ಬರೆದದ್ದು ಸಿದ್ದಾರೂಢನ ಗೆಳೆಯ ನಿಂಗರಾಜ.

“ಸಿದ್ದಾರೂಢ ಯಾರ ಹತ್ತಿರವೂ ಏನನ್ನೂ ಕೇಳುವವನಲ್ಲ. ಅದಕ್ಕೆ ಅವನ ಪರವಾಗಿ ನಾನು ಕೇಳುತ್ತಿದ್ದೇನೆ. ಕೀಮೋ ಆದ ದಿನ ಅವನಿಗೆ ನೀರು ಸಹ ಕಬ್ಬಿಣದ ರುಚಿ. ಕೋಣೆಗೆ ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲಿ ಉಸಿರು ಕಟ್ಟಿ ನಿಲ್ಲುತ್ತಾನೆ. ಯಾರಾದರೂ ನೋಡಿಯಾರು ಎಂದು ಫೋನ್ ಕಿವಿಗೆ ಹಿಡಿದು ಮಾತಾಡುವವನ ಹಾಗೆ ನಟಿಸುತ್ತಾನೆ. ಆ ಕಡೆ ಯಾರೂ ಇರುವುದಿಲ್ಲ.”

ವಿಜಯಲಕ್ಷ್ಮಿ ಇದನ್ನು ಓದಿ, ಮತ್ತೊಮ್ಮೆ ಓದಿದಳು. ಆಮೇಲೆ ಸಿಟ್ಟು ಬಂತು. ಗೆಳೆಯ ನಿಂತು ನೋಡುತ್ತಿದ್ದಾನೆ, ಸರಿ. ಹಾಗಾದರೆ ಒಂದು ಹೆಗಲು ಯಾಕೆ ಕೊಡಲಿಲ್ಲ? ಇಡೀ ಪುಟದಲ್ಲಿ ನಿಂಗರಾಜ ಒಂದು ಲೋಟ ನೀರು ಕೊಟ್ಟದ್ದಿಲ್ಲ, ಆಟೋ ಕರೆದದ್ದಿಲ್ಲ, ಕೂತದ್ದಿಲ್ಲ, ಉಂಡದ್ದಿಲ್ಲ. ಸಿದ್ದಾರೂಢನ ಮೈಯೊಳಗಿನದೆಲ್ಲ ಅವನಿಗೆ ಗೊತ್ತು, ಅವನ ಕೈಕಾಲು ಮಾತ್ರ ಎಲ್ಲಿಯೂ ಕಾಣುವುದಿಲ್ಲ.

ಈಗ ಅದನ್ನೇ ಎದುರಿಗೆ ಹೇಳಿದಳು. ಸಿದ್ದಾರೂಢ ಮೇಜಿನ ಅಂಚನ್ನು ಉಗುರಿನಿಂದ ಕೆರೆದ.

“ನಿಂಗರಾಜ ಅನ್ನೋನು ಇಲ್ರಿ,” ಎಂದ.

“ಗೊತ್ತು.”

“ಗೊತ್ತಿದ್ದು ಯಾಕ ಕರಸಿದ್ರಿ? ಮಂಗ್ಯಾ ಕುಣಿಸಿದಂಗ ಕುಣಿಸಾಕ?”

“ನಿಮ್ಮ ಬಾಯಿಂದ ಕೇಳೋಕೆ. ರೀ, ರೋಗಿ ತನಗೆ ತಾನೇ ಪೇಜ್ ಮಾಡ್ಕೋಬಹುದು ಅಂತ ಮೊದಲನೇ ಸಾಲಲ್ಲೇ ಹಾಕಿದೀವಿ. ಎಷ್ಟೋ ಜನ ಮಾಡಿದಾರೆ. ಸುಳ್ಳು ಹೇಳೋ ಅಗತ್ಯನೇ ಇರ್ಲಿಲ್ಲ ನಿಮಗೆ.”

“ಓದೀನ್ರಿ ಅದನ್ನ.”

“ಮತ್ತೆ?”

“ನನ್ನ ಬಾಯಿಲೆ ನಾನ ಕೇಳಿದ್ರ ಅದು ಭಿಕ್ಷಾ ಆಗ್ತೈತ್ರಿ.” ಅವನು ಕಿಟಕಿಯ ಕಡೆ ತಿರುಗಿದ. “ನಮ್ಮ ಕಡೆ ಒಂದ ಮನ್ಯಾಗ ಯಾರರ ಬಿದ್ದರ ಮನಿಯವ್ರು ಕೇಳಂಗಿಲ್ರಿ. ಓಣಿಯವರೊಬ್ರು ಹೆಗಲ ಮ್ಯಾಲಿನ ಟವಲ್ ಕೈಯಾಗ ಹಿಡಕೊಂಡು ಮನಿ ಮನಿಗೆ ತಿರಗ್ತಾರ. ಇಂಥವ್ರ ಮನ್ಯಾಗ ಹಿಂಗಾಗೈತಿ ಅಂತಾರ. ಜೋಳ ಇದ್ದವ್ರು ಜೋಳ ಹಾಕ್ತಾರ, ರೊಕ್ಕ ಇದ್ದವ್ರು ರೊಕ್ಕ. ಬಿದ್ದವ ಬಾಯಿ ತೆಗಿಯಂಗಿಲ್ಲ. ನಿಮಗ ತಿಳಿಯಂಗಿಲ್ಲ ಬಿಡ್ರಿ, ನೀವು ಈ ಕಡೆಯವ್ರು.”

“ನಾನು ಕುಷ್ಟಗಿ ಕಡೆಯಾಕಿ,” ಎಂದಳು ವಿಜಯಲಕ್ಷ್ಮಿ.

ಅವಳು ಬೆಂಗಳೂರಿಗೆ ಬಂದು ಅರ್ಧ ಆಯುಷ್ಯ ಆಗಿತ್ತು. ನಾಲಿಗೆ ಈ ಊರಿನದೇ ಆಗಿಹೋಗಿತ್ತು. ಸಿಟ್ಟು ನೆತ್ತಿಗೇರಿದಾಗ ಮಾತ್ರ ಹಳೆಯದು ತಾನಾಗಿ ಹೊರಗೆ ಬರುತ್ತಿತ್ತು.

“ಟವಲ್ ಹಿಡಕೊಂಡು ತಿರುಗೋರನ್ನ ನಾನೂ ನೋಡೀನಿ. ನಮ್ಮವ್ವನ ತಿರಗ್ಯಾಳ. ತಿರುಗಿದ ಮ್ಯಾಲ ವರ್ಷಗಟ್ಟಲೆ ಊರ ಮಂದಿ ಆಕಿನ್ನ ಕೇಳ್ತಿದ್ರು. ಏನಾತವ್ವಾ, ಆರಾಮಾದ್ನಾ, ರೊಕ್ಕ ಮುಟ್ಟಿತಾ ಅಂತ. ಆಕಿ ನಿಂತು ಹೇಳ್ತಿದ್ಲು. ನಾಳೆ ಈ ಮಂದಿ ಯಾರನ್ನ ಕೇಳಬೇಕು? ನಿಂಗರಾಜನ್ನಾ?”

ಸಿದ್ದಾರೂಢ ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದ. ಮಾಸ್ಕಿನ ಮೇಲೆ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಹುಬ್ಬು ಉದುರಿಹೋಗಿದ್ದರಿಂದ ಅವು ಯಾವಾಗಲೂ ಬೆರಗಾದಂತೆ ಇರುತ್ತಿದ್ದವು.

“ಅಕ್ಕಾರ, ತಿರುಗೋರು ಇರಲಿಲ್ಲಂದ್ರ ಏನ ಮಾಡಬೇಕ್ರಿ?”

“ಇಲ್ಲ ಅಂತ ಹೇಳಬೇಕು. ನನಗೂ ಯಾರೂ ಇಲ್ಲ. ಹೊಸಕೆರೆಹಳ್ಳೀಲಿ ಒಬ್ಬಳೇ ಇದೀನಿ. ಅದಕ್ಕೆ ಒಬ್ಬ ಗೆಳತೀನ ಹುಟ್ಟಿಸ್ಕೊಂಡಿದೀನಾ ನಾನು?”

“ನಿಮಗಿನ್ನ ರೋಗ ಬಂದಿಲ್ರಿ,” ಎಂದ ಅವನು.

ದೀಪಕ್ ಎದ್ದು, ಚಹಾ ತರುತ್ತೇನೆ ಎಂದು ಹೊರಟ. ಸಿದ್ದಾರೂಢ ತನಗೆ ಹೊರಗಿನದು ಕೂಡದು, ಕುದಿಸಿದ ನೀರು ಇದ್ದರೆ ಸಾಕು ಎಂದ. ದೀಪಕ್ ಕೆಟಲಿನಲ್ಲಿ ನೀರು ಕುದಿಯಲಿಟ್ಟ. ಅದು ಸದ್ದು ಮಾಡುತ್ತ ಇರುವಷ್ಟು ಹೊತ್ತೂ ಇಬ್ಬರೂ ಅದನ್ನೇ ನೋಡುತ್ತ ಕೂತರು.

“ಗೆಳೆಯ ಇಲ್ಲ ಅನ್ನೋದು ಸಣ್ಣ ವಿಷಯ,” ಎಂದಳು ವಿಜಯಲಕ್ಷ್ಮಿ, ಈಗ ದನಿ ತಗ್ಗಿಸಿ. “ಅದನ್ನ ತೆಗೆದು ನಿಮ್ಮ ಹೆಸರು ಹಾಕಿದ್ರೆ ಮುಗೀತು. ದೊಡ್ಡ ವಿಷಯ ಬೇರೆ ಇದೆ. ನಿಮ್ಮ ಆಸ್ಪತ್ರೆಯ ಕೋಆರ್ಡಿನೇಟರ್ ಸೌಮ್ಯ ಅವರ ಜೊತೆ ನಿನ್ನೆ ಮಾತಾಡ್ದೆ.”

ದೀಪಕ್ ಕೊಟ್ಟ ನೀರಿನ ಲೋಟವನ್ನು ಅವನು ಮೇಜಿನ ಮೇಲೆ ಇಟ್ಟ.

“ಅಲ್ಲೂ ನಿಂಗರಾಜನ ಹೆಸರೇ ಕೊಟ್ಟಿದೀರಿ. ಅಟೆಂಡರ್ ಅಂತ. ಅವರನ್ನ ಎರಡು ಸಲ ಕೌನ್ಸೆಲಿಂಗಿಗೆ ಕರೆದ್ರಂತೆ, ಬರಲಿಲ್ಲವಂತೆ. ಜೊತೆಗೆ ಒಬ್ರು ಇರದೆ ಅವರು ಅಡ್ಮಿಟ್ ಮಾಡ್ಕೊಳಲ್ಲ. ವಾರ್ಡಲ್ಲಿ ಇದ್ದಷ್ಟು ದಿನ ಹೊರಗೆ ಓಡಾಡೋಕೆ ಒಬ್ರು ಬೇಕು. ಮನೆಗೆ ಬಂದ ಮೇಲೆ ಅಡುಗೆ, ಶುಚಿ, ಜ್ವರ ಬಂದ ತಕ್ಷಣ ಎತ್ಕೊಂಡು ಓಡೋಕೆ ಒಬ್ರು ಬೇಕು. ಹೌದಾ ಅಲ್ವಾ?”

“ಹೌದ್ರಿ.”

“ಅಂದ್ರೆ ದುಡ್ಡು ಪೂರ್ತಿ ಬಂದ್ರೂ ನಿಮಗೆ ಬೆಡ್ ಸಿಗಲ್ಲ. ಕೊಟ್ಟ ಜನ ಚಿಕಿತ್ಸೆ ಆಯ್ತು ಅಂದ್ಕೊಂಡಿರ್ತಾರೆ.”

“ಅಡ್ಮಿಟ್ ಆಗೋ ದಿನ, ಅವ ದಾರ್ಯಾಗ ಅದಾನ, ಬರ್ತಾನಂತ ಹೇಳಬೇಕು ಅಂದ್ಕೊಂಡಿದ್ನಿರಿ. ಒಮ್ಮೆ ಸೂಜಿ ಚುಚ್ಚಿದ ಮ್ಯಾಲ ಹೊರಗ ಹಾಕಂಗಿಲ್ಲ ಅವರು.”

“ಡಿಸ್ಚಾರ್ಜ್ ಆದ್ಮೇಲೆ? ಕೋಣೇಲಿ ರಾತ್ರಿ ಜ್ವರ ಬಂದ್ರೆ?”

ಅವನ ಯೋಚನೆ ಅಡ್ಮಿಟ್ ಆಗುವವರೆಗೆ ಹೋಗಿ ನಿಂತಿತ್ತು ಎಂಬುದು ಅವಳಿಗೆ ಕಂಡಿತು. ಅದರಾಚೆ ನೋಡುವುದಕ್ಕೆ ಅವನಿಗೆ ಬೇಕಾಗಿರಲಿಲ್ಲ.

“ಅಣ್ಣ ತಮ್ಮ ಯಾರೂ ಇಲ್ವಾ?”

“ಅಣ್ಣ ಅದಾನ್ರಿ. ಗೂಳಪ್ಪ ಅಂತ. ಮಾತಿಲ್ಲ.”

“ಎಷ್ಟು ದಿನದಿಂದ?”

“ಲೆಕ್ಕ ಇಟ್ಟಿಲ್ರಿ. ನಾನು ಮದಿವಿ ಆಗಿದ್ದ ಹುಡುಗಿ ಅವಂಗ ಮನಸಿಗೆ ಬಂದಿರಲಿಲ್ಲ. ಆಕಿ ಬಿಟ್ಟು ಹೋದ್ಲು. ಆಕಿ ಹೋದ ಮ್ಯಾಲ ಅವಂಗ ಫೋನ್ ಮಾಡಿ, ನೀ ಹೇಳಿದ್ದ ಖರೇ ಆತು ಅನ್ನಾಕ ನನಗ ಬಾಯಿ ಬರಲಿಲ್ಲ. ಹಂಗ ಉಳೀತು.”

“ಈಗ ಮಾಡಿ.”

“ಅಕ್ಕಾರ, ಪುಟದ ಮಾತಾಡ್ರಿ. ಅಣ್ಣನ ಮಾತು ಬ್ಯಾಡ.”

ಸರಿ, ಪುಟದ ಮಾತು. ವಿಜಯಲಕ್ಷ್ಮಿ ತನ್ನ ಕುರ್ಚಿಯನ್ನು ಪಕ್ಕಕ್ಕೆ ಎಳೆದು, ಪರದೆ ಅವನಿಗೂ ಕಾಣುವಂತೆ ತಿರುಗಿಸಿದಳು. ಸಾಮಾನ್ಯವಾಗಿ ಅವಳು ತಿದ್ದಬೇಕಾದ್ದನ್ನು ಗುರುತು ಹಾಕಿ ವಾಪಸ್ ಕಳಿಸುತ್ತಿದ್ದಳು, ಜನ ಮನೆಯಲ್ಲಿ ತಿದ್ದಿ ಕಳಿಸುತ್ತಿದ್ದರು. ಇವನನ್ನು ಹಾಗೆ ಕಳಿಸುವುದು ಬೇಡ ಎನ್ನಿಸಿತು. ಕಳಿಸಿದರೆ ಇನ್ನೊಬ್ಬ ನಿಂಗರಾಜ ಹುಟ್ಟಿಕೊಂಡಾನು.

ಮೊದಲು ಹೆಸರು ಬದಲಾಯಿತು. “ನಾನು ಸಿದ್ದಾರೂಢ. ಈ ಪುಟವನ್ನು ನನಗಾಗಿ ನಾನೇ ಬರೆಯುತ್ತಿದ್ದೇನೆ.” ಅವನು ಅದನ್ನು ನೋಡಿ ಮೂಗಿನಲ್ಲಿ ನಕ್ಕ.

“ಸಾಲಿ ಮಾಸ್ತರಿಗೆ ರಜಾ ಚೀಟಿ ಬರದಂಗೈತಿ.”

“ಇರಲಿ. ರಜಾ ಚೀಟೀನೇ ಜನ ನಂಬೋದು.”

“ಆ ಫೋಟೋ ಬ್ಯಾಡ್ರಿ, ಕೂದಲ ಇದ್ದದ್ದು. ಈಗಿಂದ ಹಾಕ್ರಿ.”

“ನೀವೇ ಒಪ್ಪಿದ್ರೆ ಹಾಕ್ತೀನಿ. ಒತ್ತಾಯ ಇಲ್ಲ. ಎಷ್ಟೋ ಜನ ಮುಖ ತೋರಿಸಲ್ಲ.”

“ಹಾಕ್ರಿ. ಕೂದಲಿದ್ದವಂಗ ಯಾರ ಕೊಡ್ತಾರ?”

“ಅಂಥ ಮಾತಿಗೇ ನಾನು ಪೇಜ್ ತಡೆಹಿಡಿಯೋದು. ಅಳಿಸೋಕೆ ಹಾಕೋ ಫೋಟೋ ಬೇಡ. ಇವರೇ ರೋಗಿ ಅಂತ ಗೊತ್ತಾಗೋಕೆ ಒಂದು ಸಾಕು.”

“ಅಂಗಡಿಯವರು ಕೊಟ್ಟ ರೊಕ್ಕಾನೂ ಬರೀರಿ ಹಂಗಾರ. ಅದನ್ನ ಮೊದಲ ಬರದಿರಲಿಲ್ಲ. ಕಡಿಮಿ ಬರ್ತೈತಿ ಅಂತ.”

ಅವಳು ಅವನನ್ನು ಓರೆಗಣ್ಣಿನಲ್ಲಿ ನೋಡಿ, ಅದನ್ನು ಸೇರಿಸಿ, ಕೇಳುವ ಮೊತ್ತದಿಂದ ಅಷ್ಟನ್ನು ಕಳೆದಳು. ಆಸ್ಪತ್ರೆಯ ಹೆಸರು, ವೈದ್ಯರ ಹೆಸರು, ಅಂದಾಜಿನಲ್ಲಿ ಏನೇನು ಸೇರಿದೆ, ಏನು ಸೇರಿಲ್ಲ. “ಖಂಡಿತ ಗುಣವಾಗುತ್ತದೆ” ಎಂಬುದನ್ನು ಅಳಿಸಿ, ವೈದ್ಯರು ಬರೆದಂತೆ, ಗುಣವಾಗುವ ಒಳ್ಳೆಯ ಅವಕಾಶವಿದೆ ಎಂದು ಹಾಕಿದಳು. “ಸಾವಿನ ದವಡೆ” ಹೋಯಿತು. ಕಬ್ಬಿಣದ ರುಚಿಯ ನೀರು ಉಳಿಯಿತು. ಮೆಟ್ಟಿಲಿನ ಸಾಲಿಗೆ ಬಂದಾಗ ಅವನು ಕೈ ಅಡ್ಡ ಹಿಡಿದ.

“ಇದನ್ನ ತೆಗೀರಿ.”

“ಇದೊಂದೇ ರೀ ಇಡೀ ಪುಟದಲ್ಲಿ ಚೆನ್ನಾಗಿರೋದು.”

“ನಿಂಗರಾಜ ಹೇಳಿದ್ರ ಚಂದ. ನಾ ಹೇಳಿದ್ರ ನಾಚಿಕಿ.”

ಅದು ಹೋಯಿತು. ಅವನಿಗೆ ಈ ಕೆಲಸ ಕೈಗೆ ಹತ್ತಿತ್ತು. ಯಾವ ಮಾತು ಭಾರ, ಯಾವುದು ಹಗುರ ಎಂದು ಅವಳಿಗಿಂತ ಮೊದಲೇ ಹೇಳುತ್ತಿದ್ದ. ಒಂದೆರಡು ಸಲ ಇಬ್ಬರೂ ನಕ್ಕರು. ಮಾತಾಡಲು ಒಬ್ಬರು ಸಿಕ್ಕಿದರೆ ಇವನು ಹೀಗಿರುತ್ತಾನೆ ಎಂದುಕೊಂಡಳು ವಿಜಯಲಕ್ಷ್ಮಿ. ಅವಳೂ ಊರಿನ ಭಾಷೆಯಲ್ಲಿ ಇಷ್ಟು ಮಾತಾಡಿ ಬಹಳ ಕಾಲವಾಗಿತ್ತು. ಅವನ ಜೊತೆ ಆಸ್ಪತ್ರೆಯಲ್ಲಿ ತಾನೇ ಯಾಕೆ ಇರಬಾರದು ಎಂಬ ಯೋಚನೆಯೊಂದು ಬಂದು, ಬಂದಷ್ಟೇ ಬೇಗ ಹೋಯಿತು. ಪುಟವನ್ನು ಪಾಸ್ ಮಾಡುವವಳೇ ಪುಟದಲ್ಲಿ ಬರುವ ಹೆಸರಾದರೆ ಅದನ್ನು ಪರಿಶೀಲಿಸಿದಂತೆ ಏನಾಯಿತು? ಹಾಗೆಂದು ತನಗೆ ತಾನೇ ಹೇಳಿಕೊಂಡಳು. ಕಾರಣ ಅಷ್ಟೇ ಅಲ್ಲ, ಹೆದರಿಕೆಯೂ ಇತ್ತು.

“ಈಗ ಕೊನೇದು,” ಎಂದಳು. “ನಿಮ್ಮ ಅಗತ್ಯ ಏನು ಅಂತ ಸ್ಪಷ್ಟ ಬರೀಬೇಕು. ದುಡ್ಡೊಂದೇ ಅಂತ ಬರೆದ್ರೆ ಅದು ಅರ್ಧ ನಿಜ. ಅರ್ಧ ನಿಜದ ಪುಟಾನ ನಾನು ಹೊರಗೆ ಬಿಡಲ್ಲ.”

ಬರೆದು, ಗಟ್ಟಿಯಾಗಿ ಓದಿದಳು. “ಚಿಕಿತ್ಸೆಯ ಸಮಯದಲ್ಲಿ ಮತ್ತು ನಂತರದ ಕೆಲವು ತಿಂಗಳು ಜೊತೆಯಲ್ಲಿ ಒಬ್ಬರು ಇರಲೇಬೇಕು ಎಂದು ಆಸ್ಪತ್ರೆ ಹೇಳಿದೆ. ನನಗೆ ಹಾಗೆ ಇರುವವರು ಯಾರೂ ಇಲ್ಲ. ಆ ವ್ಯವಸ್ಥೆ ಆದ ಮೇಲೆಯೇ ನನ್ನನ್ನು ದಾಖಲಿಸಿಕೊಳ್ಳುತ್ತಾರೆ. ಬಂದ ಹಣವನ್ನು ಅಲ್ಲಿಯವರೆಗೆ ಬಳಸುವುದಿಲ್ಲ.”

ಸಿದ್ದಾರೂಢ ಪರದೆಯನ್ನು ನೋಡುತ್ತಲೇ ಇದ್ದ.

“ಇನ್ನೊಮ್ಮೆ ಓದ್ರಿ.”

ಓದಿದಳು. ಈ ಸಲ ಅವಳ ದನಿಯೇ ಅವಳಿಗೆ ಒರಟಾಗಿ ಕೇಳಿಸಿತು.

“ಯಾರೂ ಇಲ್ಲ ಅನ್ನೋದು ಬ್ಯಾಡ್ರಿ.”

“ಮತ್ತೆ ಏನಂತ ಬರೀಲಿ?”

“ಇದನ್ನ ನಮ್ಮೂರವ್ರು ಓದ್ತಾರ. ಫೋನಿನಾಗ ಎಲ್ಲಾ ಕಡೆ ಹೋಗ್ತೈತಿ. ಊರ ತುಂಬ ಮಂದಿ ಇದ್ದು, ಒಡಹುಟ್ಟಿದವ ಇದ್ದು, ಯಾರೂ ಇಲ್ಲ ಅಂತ ಬರದಾನ ನೋಡು ಅಂತಾರ. ನಮ್ಮನ್ನೆಲ್ಲ ಸತ್ತವರ ಲೆಕ್ಕಕ್ಕ ಹಾಕ್ಯಾನ ಅಂತಾರ.”

“ಹಾಗಾದ್ರೆ ಅವರನ್ನ ಕೇಳ್ರಿ.”

“ಕೇಳಾಕ ಬಾಯಿ ಇದ್ದಿದ್ರ ನಿಂಗರಾಜ ಯಾಕ ಬೇಕಿತ್ರಿ?”

“ಅಂದ್ರೆ ಕೇಳೋದೂ ಇಲ್ಲ, ಇಲ್ಲ ಅನ್ನೋದೂ ಇಲ್ಲ. ಸತ್ರೂ ಸರಿ, ಮರ್ಯಾದೆ ಇರಲಿ. ಅಷ್ಟೇ ತಾನೆ?”

ಹೇಳಿದ ಮೇಲೆ ವಿಜಯಲಕ್ಷ್ಮಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೆ ಮಾತು ಆಗಲೇ ಮೇಜಿನ ಆ ಕಡೆ ಮುಟ್ಟಿತ್ತು. ಸಿದ್ದಾರೂಢನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು.

“ಬರದದ್ದು ಖರೇ ಐತ್ರಿ,” ಎಂದ. “ಒಂದ ಅಕ್ಷರ ಸುಳ್ಳಿಲ್ಲ. ಬರಿಯೂಮುಂದ ಗೊತ್ತಾಗಲಿಲ್ಲ, ನೀವು ಓದಿದ್ರಲ್ಲ, ಆವಾಗ ಗೊತ್ತಾತು.”

“ಈಗಲೇ ಹಾಕಬೇಕು ಅಂತಿಲ್ಲ. ನಿಮ್ಮ ಒಪ್ಪಿಗೆ ಇಲ್ದೆ ನಾನು ಏನೂ ಹಾಕೋಕೆ ಆಗಲ್ಲ. ಯೋಚನೆ ಮಾಡಿ. ಬೇಕಾದ್ರೆ ಆ ಸಾಲನ್ನ ಬೇರೆ ತರ ಬರೆಯೋಣ.”

“ಹೆಂಗ ಬರದ್ರೂ ಅದ ಆಗ್ತೈತಲ್ರಿ.”

ಅವನು ಎದ್ದು ಜೇಬಿನಿಂದ ಫೋನ್ ತೆಗೆದ.

“ಒಂದ ಫೋನ್ ಮಾಡಿ ಬರ್ತೀನ್ರಿ ಅಕ್ಕಾರ.”

“ಯಾರಿಗೆ? ಅಣ್ಣನಿಗಾ?”

ಅವನು ತಲೆಯನ್ನು ಹೌದು ಎಂದೂ ಅಲ್ಲದ, ಇಲ್ಲ ಎಂದೂ ಅಲ್ಲದ ಹಾಗೆ ಆಡಿಸಿ, ಬಾಗಿಲು ತಳ್ಳಿಕೊಂಡು ಹೊರಗೆ ಹೋದ. ಮೆಟ್ಟಿಲಿನಲ್ಲಿ ಚಪ್ಪಲಿಯ ಸದ್ದು ನಿಧಾನವಾಗಿ ಇಳಿಯಿತು.

ವಿಜಯಲಕ್ಷ್ಮಿ ಕಾದಳು. ಫೋನಿನಲ್ಲಿ ಅಣ್ಣ ಸಿಕ್ಕಿದ್ದರೆ ಬೇಗ ಮುಗಿಯುವ ಮಾತಲ್ಲ. ಮೊದಲು ಸುಮ್ಮನಿರುವುದಕ್ಕೇ ಇಬ್ಬರಿಗೂ ಅಷ್ಟು ಹೊತ್ತು ಬೇಕು. ಈ ನಡುವೆ ಆ ಸಾಲನ್ನು ಬೇರೆ ಬೇರೆ ರೀತಿ ಬರೆದು ನೋಡಿದಳು. “ಸದ್ಯಕ್ಕೆ ಜೊತೆಗಿರುವವರ ವ್ಯವಸ್ಥೆ ಆಗಿಲ್ಲ.” ಅದು ಸರಕಾರಿ ನೋಟಿಸಿನಂತಿತ್ತು. “ಜೊತೆಗಿರಲು ಒಬ್ಬರನ್ನು ಹುಡುಕುತ್ತಿದ್ದೇನೆ.” ಇದು ಪರವಾಗಿಲ್ಲ, ನಿಜವೂ ಹೌದು, ಊರಿಗೆ ಅವಮಾನವೂ ಆಗುವುದಿಲ್ಲ. ಇದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ತನ್ನ ಮೇಲೆ ಸಿಟ್ಟಾದಳು. ಅವನು ಬಂದ ಕೂಡಲೇ ತೋರಿಸಬೇಕು ಎಂದು ಪರದೆಯನ್ನು ಹಾಗೆಯೇ ಬಿಟ್ಟಳು.

ಆಮೇಲೆ ಕೆಳಗಿಳಿದು ಹೋದಳು. ಕನ್ನಡಕದ ಅಂಗಡಿಯ ಮುಂದೆ ಸ್ಕೂಟರುಗಳ ಸಾಲು. ಮೆಟ್ಟಿಲ ಬುಡದಲ್ಲಿ ಕುಳಿತು ಸೊಪ್ಪು ಮಾರುತ್ತಿದ್ದ ಬೈರಮ್ಮ ಅವಳನ್ನು ನೋಡಿ ಕಟ್ಟುಗಳ ಮೇಲೆ ನೀರು ಚಿಮುಕಿಸಿದಳು.

“ಮಾಸ್ಕ್ ಹಾಕಿದ್ದೋರು ಒಬ್ರು ಇಳಿದು ಬಂದ್ರಾ ಬೈರಮ್ಮ? ಫೋನಲ್ಲಿ ಮಾತಾಡ್ತಾ?”

“ಬಂದ್ರು. ಇಲ್ಲೇ ನನ್ನ ಪಕ್ಕದಾಗೆ ನಿಂತಿದ್ರು ಸುಮಾರು ಹೊತ್ತು. ಫೋನು ಕೈಯಾಗೇ ಹಿಡ್ಕೊಂಡಿದ್ರು, ಮಾತೇನೂ ಆಡ್ಲಿಲ್ಲ. ಆಮೇಲೆ ಬಸ್ ಬಂತು, ಹೋದ್ರು. ಯಾಕಮ್ಮ, ಏನಾದ್ರೂ ಬಿಟ್ಟು ಹೋದ್ರಾ?”

“ಇಲ್ಲ.”

“ಸೊಪ್ಪು ಬೇಕಾ? ದಂಟು ಚೆನ್ನಾಗೈತೆ.”

ವಿಜಯಲಕ್ಷ್ಮಿ ಬಸ್ ಸ್ಟಾಪಿನವರೆಗೆ ಹೋಗಿ, ಹಾಗೇ ನಿಂತಿದ್ದು, ವಾಪಸ್ ಬಂದಳು. ಅವನ ನಂಬರಿಗೆ ಮಾಡಿದಳು. ಸ್ವಿಚ್ ಆಫ್.

ಮರುದಿನ ಅವನು ಬರಲಿಲ್ಲ. ಹೊಸ ಸಾಲನ್ನು ಮೆಸೇಜಿನಲ್ಲಿ ಕಳಿಸಿದಳು. “ಹೀಗೆ ಬರೆದರೆ ಆದೀತೇ ನೋಡಿ. ನಿಮ್ಮ ಮರ್ಯಾದೆಗೆ ಏನೂ ಆಗುವುದಿಲ್ಲ.” ಅದು ಅವನನ್ನು ಮುಟ್ಟಿದ ಗುರುತು ಕಾಣಲಿಲ್ಲ. ಆ ವಾರದಲ್ಲೇ ಆಸ್ಪತ್ರೆಯಿಂದ ಸೌಮ್ಯ ಫೋನ್ ಮಾಡಿ ಕೇಳಿದಳು, “ಮೇಡಂ, ಸಿದ್ದಾರೂಢ ಅವರು ಬ್ಲಡ್ ಟೆಸ್ಟಿಗೆ ಬರ್ಬೇಕಿತ್ತು, ಬಂದಿಲ್ಲ. ನಿಮ್ಮ ಹತ್ರ ಏನಾದ್ರೂ ಬಂದಿದ್ರಾ?” ಬಿಟಿಎಂನ ಕೋಣೆಯ ಮಾಲೀಕರಿಗೆ ಅವನು ಊರಿಗೆ ಹೋಗುತ್ತೇನೆ ಎಂದಷ್ಟೇ ಹೇಳಿದ್ದನಂತೆ. ಯಾವ ಊರು ಎಂದು ಅವರು ಕೇಳಿರಲಿಲ್ಲ.

ದೀಪಕ್ ಒಂದು ಮಧ್ಯಾಹ್ನ ಅವಳ ಮೇಜಿನ ಹತ್ತಿರ ಬಂದು ನಿಂತ.

“ಮೇಡಂ, ಆ ಪೇಜ್ ಪೆಂಡಿಂಗಲ್ಲೇ ಇದೆ. ಕ್ಲೋಸ್ ಮಾಡ್ಲಾ?”

“ಅವರು ಬೇಡ ಅಂತ ಹೇಳಿದಾರಾ?”

“ಹೇಳಿಲ್ಲ.”

“ಮತ್ತೆ ನೀನು ಯಾವೋನು ಕ್ಲೋಸ್ ಮಾಡೋಕೆ?”

ದೀಪಕ್ ತನ್ನ ಕುರ್ಚಿಗೆ ಹೋಗಿ ತಲೆ ತಗ್ಗಿಸಿದ. ವಿಜಯಲಕ್ಷ್ಮಿ ಮುಂದಿನ ಪುಟ ತೆರೆದಳು. ಪದ್ಮನಾಭನಗರದ ಒಬ್ಬ ಮುದುಕಿಯ ಸೊಂಟದ ಆಪರೇಷನ್. ಕೇಳುತ್ತಿರುವವರು ಮಗಳು, ಮೊಮ್ಮಗ, ಇಬ್ಬರು ಸೊಸೆಯರು ಮತ್ತು ರಸ್ತೆಯ ನಿವಾಸಿಗಳ ಸಂಘ. ಎಲ್ಲರ ಹೆಸರು, ಎಲ್ಲರ ನಂಬರು ಇದ್ದವು. ಅವಳು ಒಂದೊಂದಾಗಿ ಫೋನ್ ಮಾಡತೊಡಗಿದಳು. ಎಲ್ಲರೂ ಎತ್ತಿದರು.